ರೇಡಿಯೊ ಭಾಷಣದ ಕರಡು: ಎರಡು ‘ಇಲ್ಲ’ ಸೇರಿದರೆ ‘ಇದೆ’ ಆಗಲೇಬೇಕಾ?

ಸುಮಾ_ಮಲ್ಲೇಶ್ವರ

ಎಲ್ಲರಿಗೂ ನಮಸ್ಕಾರ. ನಮ್ಮ ಕಡೆಯ ಒಂದು ಸಮುದಾಯ ರೇಡಿಯೊದಲ್ಲಿ ಹತ್ತು ನಿಮಿಷದ ಭಾಷಣ ಓದೋಕೆ ಒಪ್ಪಿಕೊಂಡಿದ್ದೀನಿ. ವಿಷಯ ನಾನೇ ಆರಿಸಿಕೊಂಡಿದ್ದು. ಎಷ್ಟೋ ಭಾಷೆಗಳಲ್ಲಿ ಒಂದೇ ವಾಕ್ಯದಲ್ಲಿ ಎರಡು ಮೂರು ನಿಷೇಧ, ಅಂದರೆ ‘ಇಲ್ಲ’ ಅನ್ನೋ ಮಾತು, ಬರುತ್ತೆ, ಅದು ತಪ್ಪಲ್ಲ, ಅದಕ್ಕೊಂದು ತರ್ಕ ಇದೆ ಅನ್ನೋದು. ಕೇಳೋರು ಹೂವಿನ ಅಂಗಡಿಯವರು, ಆಟೋ ಓಡಿಸೋರು, ಅಡುಗೆಮನೆಯಲ್ಲಿ ರೇಡಿಯೊ ಹಾಕಿಕೊಂಡು ಕೆಲಸ ಮಾಡೋರು. ವ್ಯಾಕರಣದ ಪಾರಿಭಾಷಿಕ ಪದ ಒಂದೂ ಇರಬಾರದು ಅಂತ ಇದೆ.

ಈ ವಿಷಯವೇ ಯಾಕೆ ಅಂದರೆ, ಪಿಯುಸಿಯಲ್ಲಿ ನಾನು ಇಂಗ್ಲಿಷಿನಲ್ಲಿ ‘ಐ ಡೋಂಟ್ ನೋ ನಥಿಂಗ್’ ಅಂದುಬಿಟ್ಟೆ. ಮೇಡಂ ಬೋರ್ಡಿನ ಮೇಲೆ ಮೈನಸ್ ಇಂಟು ಮೈನಸ್ ಬರೆದು, ‘ಅಂದರೆ ನಿನಗೆ ಏನೋ ಗೊತ್ತಿದೆ ಅಂತಾಯ್ತು, ಏನು ಗೊತ್ತು ಹೇಳು’ ಅಂತ ನಿಲ್ಲಿಸಿದರು. ಇಡೀ ಕ್ಲಾಸು ನಕ್ಕಿತು. ಆಗ ಉತ್ತರ ಹೊಳೆಯಲಿಲ್ಲ. ಈಗ ಹೊಳೆದಿರೋದನ್ನ ಬರೆದಿದ್ದೀನಿ. ಕರಡಿನ ಮುಖ್ಯ ಭಾಗ ಇದು:

> ರಷ್ಯನ್ ಭಾಷೆಯಲ್ಲಿ ‘ಯಾರೂ ಏನೂ ಹೇಳಲಿಲ್ಲ’ ಅನ್ನೋದಕ್ಕೆ ‘ನಿಕ್ತೊ ನಿಚಿವೊ ನೆ ಸ್ಕಜಾಲ್’ ಅಂತಾರೆ. ನಿಕ್ತೊದಲ್ಲಿ ಒಂದು ‘ನಿ’, ನಿಚಿವೊದಲ್ಲಿ ಇನ್ನೊಂದು ‘ನಿ’, ಕ್ರಿಯಾಪದದ ಮುಂದೆ ಒಂದು ‘ನೆ’. ಮೂರು ಸಲ ‘ಇಲ್ಲ’ ಅಂದ ಹಾಗೆ. ಆದರೂ ಅರ್ಥ ಒಂದೇ ಒಂದು ‘ಇಲ್ಲ’. ನಮ್ಮ ಕನ್ನಡದಲ್ಲೂ ಹೀಗೇ ಇದೆ. ‘ಸಕ್ಕರೆ ಇಲ್ಲವೇ ಇಲ್ಲ’ ಅಂದರೆ ಸಕ್ಕರೆ ಇದೆ ಅಂತಲ್ಲ, ಖಂಡಿತ ಇಲ್ಲ ಅಂತ.

ತಪ್ಪಿದ್ದರೆ ತಿದ್ದಿ. ಶನಿವಾರ ರೆಕಾರ್ಡಿಂಗ್.

---

ಗಣಿತದ_ಮೇಷ್ಟ್ರು

ಮೇಡಂ, ವಿಷಯ ಚೆನ್ನಾಗಿದೆ. ಆದರೆ ನಿಮ್ಮ ಉದಾಹರಣೆ ನಿಮಗೇ ತಿರುಗಿಬೀಳುತ್ತೆ. ಮೂರು ಮೈನಸ್ ಗುಣಿಸಿದರೆ ಮೈನಸ್ಸೇ ಬರೋದು. ಹಾಗಾಗಿ ಆ ರಷ್ಯನ್ ವಾಕ್ಯ ಗಣಿತದ ನಿಯಮಕ್ಕೆ ಸರಿಯಾಗೇ ಇದೆ. ಎರಡಿದ್ದರೆ ಹೋಗಿಬಿಡುತ್ತೆ, ಮೂರಿದ್ದರೆ ಒಂದು ಉಳಿಯುತ್ತೆ. ಬೆಸ ಸಂಖ್ಯೆ ಇರೋ ಉದಾಹರಣೆ ಕೊಟ್ಟು ನಿಯಮ ಸುಳ್ಳು ಅಂದರೆ ಹೇಗೆ? ನಿಮ್ಮ ಪಿಯುಸಿ ಮೇಡಂ ಹೇಳಿದ್ದು ನನ್ನ ಪ್ರಕಾರ ಸರಿ. ನಗಿಸಬಾರದಿತ್ತು, ಅದು ಬೇರೆ ಮಾತು.

---

ಕಾಗುಣಿತ

ಮೇಷ್ಟ್ರ ಆಕ್ಷೇಪಣೆ ಒಳ್ಳೆಯದು. ಅದನ್ನ ಪರೀಕ್ಷೆ ಮಾಡೋದೂ ಸುಲಭ, ಒಂದು ನಿಷೇಧ ತೆಗೆದು ನೋಡಬೇಕು, ಒಂದು ಸೇರಿಸಿ ನೋಡಬೇಕು. ‘ನಿಕ್ತೊ ನೆ ಸ್ಕಜಾಲ್’, ಎರಡೇ ಇವೆ. ಗುಣಾಕಾರದ ಪ್ರಕಾರ ‘ಎಲ್ಲರೂ ಹೇಳಿದರು’ ಅಂತ ಆಗಬೇಕು. ಆಗಲ್ಲ. ‘ಯಾರೂ ಹೇಳಲಿಲ್ಲ’ ಅಂತಲೇ ಅರ್ಥ. ಈಗ ‘ಎಂದೂ’ ಅನ್ನೋ ಪದ ಸೇರಿಸಿ: ‘ನಿಕ್ತೊ ನಿಕಗ್ದಾ ನಿಚಿವೊ ನೆ ಗವರೀಲ್’. ನಾಲ್ಕು. ಯಾರೂ ಎಂದೂ ಏನೂ ಹೇಳುತ್ತಿರಲಿಲ್ಲ. ಎರಡಿರಲಿ ಮೂರಿರಲಿ ನಾಲ್ಕಿರಲಿ, ನಿಷೇಧ ಒಂದೇ. ಇಷ್ಟೇ ಅಲ್ಲ, ಕೊನೆಯ ‘ನೆ’ ತೆಗೆದು ‘ನಿಕ್ತೊ ನಿಚಿವೊ ಸ್ಕಜಾಲ್’ ಅಂದರೆ ರಷ್ಯನ್ನರಿಗೆ ಅದು ವಾಕ್ಯವೇ ಅಲ್ಲ. ಅಂದರೆ ಅಲ್ಲಿ ಕೊನೆಯ ನಿಷೇಧ ಬಿಡೋದೇ ತಪ್ಪು.

ಹಾಗಾಗಿ ಸುಮಾ ಅವರೇ, ಮೂರರ ಜೊತೆ ಎರಡರ ಉದಾಹರಣೆಯನ್ನೂ ಓದಿ. ಇಲ್ಲದಿದ್ದರೆ ಲೆಕ್ಕ ಗೊತ್ತಿರೋ ಕೇಳುಗರು ಮೇಷ್ಟ್ರ ಹಾಗೇ ಹಿಡೀತಾರೆ.

ಆದರೆ ನಿಮ್ಮ ಕನ್ನಡದ ಉದಾಹರಣೆ ತಪ್ಪು. ‘ಇಲ್ಲವೇ ಇಲ್ಲ’ ರಷ್ಯನ್ ಜಾತಿಯದಲ್ಲ. ‘ಬಂದೇ ಬಂದ’, ‘ಹೌದೇ ಹೌದು’, ‘ಬೇಕೇ ಬೇಕು’ ಅಂತೀವಲ್ಲ, ಅದೇ ಅಚ್ಚು. ಒಂದು ಪದಕ್ಕೆ ‘ಏ’ ಹಚ್ಚಿ ಮತ್ತೆ ಹೇಳಿದರೆ ಒತ್ತು ಬರುತ್ತೆ. ‘ಬಂದೇ ಬಂದ’ ಅಂದರೆ ಎರಡು ಸಲ ಬಂದ ಅಂತಲ್ಲ. ಹಾಗೇ ‘ಇಲ್ಲವೇ ಇಲ್ಲ’ದಲ್ಲಿ ಎರಡು ನಿಷೇಧ ಇಲ್ಲ, ಒಂದೇ ನಿಷೇಧವನ್ನ ಎರಡು ಸಲ ಉಚ್ಚರಿಸಿದ್ದೀವಿ.

---

ನೈಟ್_ಶಿಫ್ಟ್_ಹುಡುಗ

ಇದು ನನಗೇ ಆಗಿರೋದು, ಅದಕ್ಕೆ ಬರೀತಿದ್ದೀನಿ. ಕಾಲ್ ಸೆಂಟರಿಗೆ ಸೇರಿದ ಹೊಸದರಲ್ಲಿ ಅಮೆರಿಕದ ಒಬ್ಬರು ಫೋನ್ ಮಾಡಿ, ‘ನನ್ನ ದುಡ್ಡು ಇನ್ನೂ ವಾಪಸ್ ಆಗಿಲ್ವಾ’ ಅಂತ ಕೇಳಿದರು. ಆಗಿರಲಿಲ್ಲ. ನಾನು ‘ಎಸ್ ಸರ್’ ಅಂದೆ. ಮನಸ್ಸಲ್ಲಿದ್ದದ್ದು ‘ಹೂಂ ಸಾರ್, ಆಗಿಲ್ಲ’. ಅವರು ಆಗಿದೆ ಅಂದುಕೊಂಡು ಥ್ಯಾಂಕ್ಸ್ ಹೇಳಿ ಇಟ್ಟರು. ಎರಡು ದಿನ ಆದಮೇಲೆ ಕಂಪ್ಲೇಂಟ್ ಬಂತು, ನನಗೆ ವಾರ್ನಿಂಗ್ ಕೊಟ್ಟರು. ನಾನು ಸುಳ್ಳು ಹೇಳಿಲ್ಲ ಅಂತ ಟೀಮ್ ಲೀಡರಿಗೆ ಎಷ್ಟು ಹೇಳಿದರೂ ತಲೆಗೆ ಹೋಗಲಿಲ್ಲ. ಡಬಲ್ ನೆಗೆಟಿವ್ ಸಮಸ್ಯೆ ಅಂದರೆ ಇದೇ ಅಲ್ವಾ? ಇದನ್ನ ಭಾಷಣದಲ್ಲಿ ಹಾಕಿ ಅಕ್ಕಾ, ಎಷ್ಟೋ ಹುಡುಗರಿಗೆ ಉಪಯೋಗ ಆಗುತ್ತೆ.

---

ಕಾಗುಣಿತ

ತಮ್ಮಾ, ನೀನು ಸುಳ್ಳು ಹೇಳಿಲ್ಲ, ಅದಂತೂ ಖಂಡಿತ. ಆದರೆ ಇದು ಬೇರೆ ವಿಷಯ. ಅಲ್ಲಿದ್ದದ್ದು ಒಂದೇ ನಿಷೇಧ, ಪ್ರಶ್ನೆಯೊಳಗೆ. ಕನ್ನಡದ ‘ಹೂಂ’ ಎದುರಿನವರ ಮಾತಿಗೆ ‘ನೀವು ಹೇಳಿದ್ದು ಸರಿ’ ಅನ್ನುತ್ತೆ. ಇಂಗ್ಲಿಷಿನ ‘ಎಸ್’ ಎದುರಿನವರ ಮಾತನ್ನ ನೋಡಲ್ಲ, ‘ಆಗಿದೆ’ ಅನ್ನೋದಕ್ಕೆ ಬದಲಾಗಿ ನಿಲ್ಲುತ್ತೆ. ಜಪಾನಿನವರ ‘ಹಾಯ್’ ಕೂಡ ನಮ್ಮ ‘ಹೂಂ’ ಥರವೇ, ಅವರೂ ಹೀಗೇ ಸಿಕ್ಕಿಹಾಕಿಕೊಳ್ಳುತ್ತಾರೆ. ಅದಕ್ಕೆ ಇನ್ನೊಂದು ಹತ್ತು ನಿಮಿಷ ಬೇಕು. ಎರಡನ್ನೂ ಬೆರೆಸಿದರೆ ಕೇಳುಗರಿಗೆ ಎರಡೂ ಉಳಿಯಲ್ಲ.

---

ಗಣಿತದ_ಮೇಷ್ಟ್ರು

ನಾಲ್ಕರ ಉದಾಹರಣೆ ಒಪ್ಪಿದೆ, ಗುಣಾಕಾರ ಕೈಬಿಟ್ಟೆ. ಆದರೆ ಈಗ ನನ್ನ ಪ್ರಶ್ನೆ ಹೆಚ್ಚು ಗಟ್ಟಿಯಾಯ್ತು. ಕನ್ನಡದಲ್ಲಿ ‘ನಾನು ಹೇಳದೆ ಇರಲಾರೆ’ ಅಂತೀವಿ. ‘ಹೇಳದೆ’ ಒಂದು ನಿಷೇಧ, ‘ಇರಲಾರೆ’ ಇನ್ನೊಂದು. ಇಲ್ಲಿ ಎರಡೂ ಕಳೆದು ‘ಹೇಳೇ ಹೇಳ್ತೀನಿ’ ಆಗುತ್ತೆ. ಮೈನಸ್ ಮೈನಸ್ ಪ್ಲಸ್. ರಷ್ಯಾದಲ್ಲಿ ಕಳೆಯಲ್ಲ, ಬೆಂಗಳೂರಲ್ಲಿ ಕಳೆಯುತ್ತೆ ಅಂದರೆ, ತರ್ಕ ಊರಿಂದೂರಿಗೆ ಬದಲಾಗುತ್ತಾ?

---

ಕಾಗುಣಿತ

ಇಡೀ ಭಾಷಣ ನಿಲ್ಲಬೇಕಾದ್ದು ಇದೇ ಪ್ರಶ್ನೆಯ ಮೇಲೆ. ಊರಿಂದೂರಿಗೆ ಬದಲಾಗಲ್ಲ ಮೇಷ್ಟ್ರೇ. ‘ನಾನು ಹೇಳದೆ ಇರಲಾರೆ’ ಅನ್ನೋದನ್ನ ರಷ್ಯನ್ನಿಗೆ ಹಾಕಿ: ‘ಯಾ ನೆ ಮಗೂ ನೆ ಸ್ಕಜಾತ್’. ಎರಡು ‘ನೆ’. ಅರ್ಥ ‘ಹೇಳದೆ ಇರೋಕಾಗಲ್ಲ, ಹೇಳಲೇಬೇಕು’. ರಷ್ಯನ್ನಿನಲ್ಲೂ ಇಲ್ಲಿ ಕಳೆಯುತ್ತೆ! ಅದೇ ಭಾಷೆ, ಅದೇ ಜನ. ಒಂದು ಕಡೆ ನಾಲ್ಕು ನಿಷೇಧ ಸೇರಿ ಒಂದು, ಇನ್ನೊಂದು ಕಡೆ ಎರಡು ನಿಷೇಧ ಸೇರಿ ಸೊನ್ನೆ.

ವ್ಯತ್ಯಾಸ ಎಲ್ಲಿದೆ ನೋಡಿ. ‘ಯಾ ನೆ ಮಗೂ ನೆ ಸ್ಕಜಾತ್’ನಲ್ಲಿ ಎರಡು ಕ್ರಿಯೆಗಳಿವೆ, ಆಗೋದು ಮತ್ತು ಹೇಳೋದು. ಪ್ರತಿಯೊಂದಕ್ಕೂ ಅದರದೇ ‘ನೆ’. ನಮ್ಮ ‘ಹೇಳದೆ ಇರಲಾರೆ’ಯಲ್ಲೂ ಎರಡು, ಹೇಳೋದು ಮತ್ತು ಇರೋದು. ಮೊದಲು ‘ಹೇಳದೆ ಇರೋದು’ ಅಂತ ಒಂದು ಸ್ಥಿತಿ ಕಟ್ಟಿದೆವು, ಆಮೇಲೆ ಆ ಸ್ಥಿತಿಯನ್ನೇ ‘ಆಗಲ್ಲ’ ಅಂದೆವು. ಒಂದು ನಿಷೇಧದ ಹೊಟ್ಟೆಯೊಳಗೆ ಇನ್ನೊಂದಿದೆ, ಅದಕ್ಕೇ ಕಳೆಯೋದು. ‘ನಿಕ್ತೊ ನಿಚಿವೊ ನೆ ಸ್ಕಜಾಲ್’ನಲ್ಲಿ ಕ್ರಿಯೆ ಒಂದೇ, ಹೇಳೋದು. ನಿಷೇಧವೂ ಒಂದೇ. ನಿಕ್ತೊ, ನಿಚಿವೊಗಳಲ್ಲಿರೋ ‘ನಿ’ ಆ ಒಂದೇ ನಿಷೇಧದ ಗುರುತು, ಹೊಸ ನಿಷೇಧ ಅಲ್ಲ.

ಗುರುತು ಅಂದರೆ ಏನು ಅಂತ ಕೇಳುಗರಿಗೆ ಹೇಳೋಕೆ ಕನ್ನಡಕ್ಕಿಂತ ಒಳ್ಳೆಯ ಭಾಷೆ ಇಲ್ಲ. ‘ಅವಳು ಬಂದಳು.’ ‘ಅವಳು’ದಲ್ಲಿ ಹೆಣ್ಣಿನ ಗುರುತಿದೆ, ‘ಬಂದಳು’ದಲ್ಲೂ ಇದೆ. ಇಬ್ಬರು ಹೆಂಗಸರು ಬಂದರು ಅಂತ ಯಾರಾದರೂ ಲೆಕ್ಕ ಹಾಕುತ್ತಾರಾ? ‘ಮಕ್ಕಳು ಓಡಿದರು’, ಬಹುವಚನ ಎರಡು ಕಡೆ. ಮಕ್ಕಳ ಸಂಖ್ಯೆ ಇಮ್ಮಡಿ ಆಗಲಿಲ್ಲ. ಒಂದು ಸಂಗತಿಯನ್ನ ವಾಕ್ಯದ ಎರಡು ಕಡೆ ಗುರುತು ಮಾಡೋದು ನಮಗೆ ಉಸಿರಾಡಿದಷ್ಟು ಸಹಜ. ನಾವು ಹೆಣ್ಣು, ಗಂಡು, ಬಹುವಚನಕ್ಕೆ ಮಾಡೋದನ್ನ ರಷ್ಯನ್ನರು ನಿಷೇಧಕ್ಕೂ ಮಾಡುತ್ತಾರೆ.

---

ಮೈಕ್_ಹಿಂದೆ

ರೇಡಿಯೊದಲ್ಲಿ ಭಾಷಣಗಳನ್ನ ತಿದ್ದಿ ಓದಿಸೋ ಕೆಲಸ ಬಹಳ ವರ್ಷ ಮಾಡಿದ್ದೀನಿ, ಅದರ ಮೇಲೆ ಒಂದು ಮಾತು. ‘ಅವಳು ಬಂದಳು’ ಮೊದಲು ಬರಲಿ, ರಷ್ಯನ್ ಆಮೇಲೆ. ಕೇಳುಗರು ಹಿಂದಿನ ಪುಟ ತಿರುಗಿಸೋಕಾಗಲ್ಲ. ಗೊತ್ತಿಲ್ಲದ ಭಾಷೆಯ ವಾಕ್ಯದಿಂದ ಶುರು ಮಾಡಿದರೆ ಅಲ್ಲೇ ಕಿವಿ ಮುಚ್ಚಿಹೋಗುತ್ತೆ. ಒಂದೇ ಪರಭಾಷೆ ಸಾಕು. ಆ ವಾಕ್ಯವನ್ನ ಪೂರ್ತಿ ಒಮ್ಮೆ ಹೇಳಿ, ತುಂಡು ತುಂಡಾಗಿ ಒಮ್ಮೆ, ಮತ್ತೆ ಪೂರ್ತಿ ಒಮ್ಮೆ. ನಿಧಾನಕ್ಕೆ ಓದಿದರೆ ಹತ್ತು ನಿಮಿಷಕ್ಕೆ ಎಂಟುನೂರು ಪದ. ಈಗಿನ ಕರಡು ಅದಕ್ಕಿಂತ ಉದ್ದ ಇರೋ ಹಾಗೆ ಕಾಣುತ್ತೆ.

---

ಹಳೇ_ಧಾರವಾಡ

ನಾನು ಬೆಂಗಳೂರಿಗೆ ಬಂದು 22 ವರ್ಷ ಆತ್ರೀ, ಆದ್ರೂ ಸಿಟ್ಟು ಬಂದಾಗ ಬಾಯಾಗ ಬರೋದು ‘ಒಲ್ಲೆ’ ಅಂತನ. ಇಲ್ಲಿಯವರು ‘ಬರಲ್ಲ’ ಅಂತೀರಿ, ‘ಬರಲಿಲ್ಲ’ ಅಂತೀರಿ, ಅದರಾಗ ‘ಅಲ್ಲ’, ‘ಇಲ್ಲ’ ಕಿವಿಗೆ ಕೇಳ್ತದ. ನಮ್ಮ ‘ಒಲ್ಲೆ’ದಾಗ ‘ಇಲ್ಲ’ ಎಲ್ಲೈತಿ? ‘ನಾ ಕಾಣೆ’ ಅಂತೀವಿ, ಅದರಾಗ ಎಲ್ಲೈತಿ? ಗುರುತು ಎಷ್ಟು ಅಂತ ಎಣಿಸಾಕತ್ತೀರಿ, ಗುರುತೇ ಇಲ್ಲದ ನಿಷೇಧಕ್ಕ ಏನಂತೀರಿ?

---

ಕಾಗುಣಿತ

ಅಣ್ಣಾ, ನೀವು ತಂದಿದ್ದು ಬಂಗಾರದಂಥ ಉದಾಹರಣೆ. ನನಗೆ ಹೊಳೆದಿರಲಿಲ್ಲ.

‘ಕಾಣುವೆ’ ಅಂದರೆ ನನಗೆ ಕಾಣುತ್ತೆ, ಕಾಣ್ತೀನಿ. ಅದರಲ್ಲಿ ಮೂರು ತುಂಡು: ‘ಕಾಣು’, ಕಾಲ ಹೇಳೋ ‘ವ’, ‘ನಾನು’ ಅಂತ ಹೇಳೋ ‘ಎ’. ಆ ‘ವ’ ಕಿತ್ತುಹಾಕಿ. ‘ಕಾಣೆ.’ ಅರ್ಥ ತಿರುಗಿಬಿತ್ತು, ಕಾಣಲ್ಲ, ಗೊತ್ತಿಲ್ಲ. ‘ಅರಿವೆ’, ‘ಅರಿಯೆ’ ಕೂಡ ಹಾಗೇ. ಹಳಗನ್ನಡದಲ್ಲಿ ಇದೇ ಮಾಮೂಲಿ ನಿಷೇಧ ರೂಪ. ‘ಇಲ್ಲ’ ಅನ್ನೋ ಪದ ಸೇರಿಸೋದಲ್ಲ, ಕಾಲದ ಗುರುತು ತೆಗೆಯೋದು. ಏನೂ ಹಚ್ಚದೆ ಬಿಟ್ಟಿದ್ದೇ ನಿಷೇಧ.

ಹಾಗಾಗಿ ಹಾದಿ ಎರಡೂ ಕಡೆ ತೆರೆದಿದೆ. ‘ನಾ ಕಾಣೆ’ಯಲ್ಲಿ ಗುರುತು ಸೊನ್ನೆ, ನಿಷೇಧ ಒಂದು. ‘ಬರಲಿಲ್ಲ’ದಲ್ಲಿ ಗುರುತು ಒಂದು, ನಿಷೇಧ ಒಂದು. ರಷ್ಯನ್ ವಾಕ್ಯದಲ್ಲಿ ಗುರುತು ನಾಲ್ಕು, ನಿಷೇಧ ಒಂದು. ಗುರುತು ಎಣಿಸಿ ಅರ್ಥ ಹೇಳ್ತೀನಿ ಅನ್ನೋರು ‘ನಾ ಕಾಣೆ’ಗೆ ‘ನನಗೆ ಕಾಣುತ್ತೆ’ ಅಂತ ಅರ್ಥ ಹೇಳಬೇಕಾಗುತ್ತೆ. ಪಿಯುಸಿ ಮೇಡಂಗೆ ಅಂದು ಕೊಡಬಹುದಾಗಿದ್ದ ಉತ್ತರ ಇದು, ಸುಮಾ ಅವರೇ.

ಒಂದು ಎಚ್ಚರಿಕೆ ಮಾತ್ರ. ಈ ಸೊನ್ನೆ ನಿಜವಾದ ಸೊನ್ನೆಯಾ ಅನ್ನೋದರಲ್ಲಿ ವಿದ್ವಾಂಸರಿಗೆ ಒಮ್ಮತ ಇಲ್ಲ. ‘ಕಾಣದೆ’, ‘ಮಾಡದೆ’ಗಳಲ್ಲಿ ಕಾಣೋ ‘ಅ’ಕಾರವೇ ಹಳೆಯ ನಿಷೇಧದ ಗುರುತು, ‘ಕಾಣೆ’ಯಲ್ಲಿ ಅದು ಮುಂದಿನ ಸ್ವರದೊಳಗೆ ಮುಚ್ಚಿಹೋಗಿದೆ ಅನ್ನೋರಿದ್ದಾರೆ. ಇವತ್ತು ಮಾತಾಡೋರ ಕಿವಿಗಂತೂ ಅಲ್ಲಿ ಏನೂ ಇಲ್ಲ.

---

ಪುಸ್ತಕದ_ಹುಳು

ಇಂಗ್ಲಿಷಿನಲ್ಲಿ ಈ ನಿಯಮ ಮೊದಲಿಂದ ಇರಲಿಲ್ಲ ಅನ್ನೋದನ್ನೂ ಸೇರಿಸಿ. ಇಂಗ್ಲಿಷಿನ ಹಳೆಯ ಕವಿ ಚಾಸರ್ ತನ್ನ ಯೋಧನನ್ನ ಹೊಗಳುವಾಗ ‘ಯಾರಿಗೂ ಎಂದೂ ಕೆಟ್ಟ ಮಾತು ಆಡಿದವನಲ್ಲ’ ಅನ್ನೋಕೆ ಒಂದೇ ವಾಕ್ಯದಲ್ಲಿ ನಾಲ್ಕು ನಿಷೇಧ ಹಾಕಿದ್ದಾನೆ. ಆಮೇಲೆ 1762ರಲ್ಲಿ ವ್ಯಾಕರಣ ಬರೆದ ಬಿಷಪ್ ರಾಬರ್ಟ್ ಲೌತ್ ಎರಡು ನಿಷೇಧ ಒಂದನ್ನೊಂದು ಹೊಡೆದುಹಾಕುತ್ತವೆ ಅಂತ ನಿಯಮ ಮಾಡಿಬಿಟ್ಟ. ಅವನಿಂದಲೇ ಇಷ್ಟೆಲ್ಲ ಕಷ್ಟ.

---

ಕಾಗುಣಿತ

ಅರ್ಧ ಸರಿ. ಚಾಸರನ ನಾಲ್ಕು ನಿಷೇಧ ನಿಜ. ಲೌತ್ ವ್ಯಾಕರಣದಲ್ಲಿ ಆ ನಿಯಮ ಇರೋದೂ ನಿಜ. ಆದರೆ ಅವನ ಪುಸ್ತಕ ಬರೋ ಹೊತ್ತಿಗಾಗಲೇ ಓದಿದವರ ಬರಹದ ಇಂಗ್ಲಿಷಿನಿಂದ ಇಮ್ಮಡಿ ನಿಷೇಧ ಬಹುಮಟ್ಟಿಗೆ ಹೋಗಿತ್ತು. ಆಗಿದ್ದನ್ನ ಅವನು ನಿಯಮ ಅಂತ ಬರೆದ, ಶಾಲೆಗಳು ಅದನ್ನ ತರ್ಕ ಅಂತ ಕಲಿಸಿದವು. ಮಾತಿನ ಇಂಗ್ಲಿಷಿನ ಎಷ್ಟೋ ಬಗೆಗಳಲ್ಲಿ, ಅಮೆರಿಕದ ಕಪ್ಪು ಜನರ ಇಂಗ್ಲಿಷೂ ಸೇರಿ, ಅದು ಈಗಲೂ ಜೀವಂತ. ಅಲ್ಲಿ ‘ಐ ಡೋಂಟ್ ನೋ ನಥಿಂಗ್’ ಕೇಳಿ ‘ಓ, ಇವರಿಗೆ ಏನೋ ಗೊತ್ತು’ ಅಂತ ಯಾರೂ ತಿಳಿಯಲ್ಲ. ಒಬ್ಬ ಬಿಷಪ್ಪನ ತಲೆಗೆ ಎಲ್ಲ ಕಟ್ಟಬೇಡಿ.

---

ಸುಮಾ_ಮಲ್ಲೇಶ್ವರ

‘ನಾ ಕಾಣೆ’ ಓದಿದಾಗಿನಿಂದ ಅದೇ ತಲೆಯಲ್ಲಿ ಸುತ್ತುತ್ತಿದೆ. ಧಾರವಾಡದ ಅಣ್ಣನಿಗೆ ತುಂಬಾ ಥ್ಯಾಂಕ್ಸ್. ಚಾಸರ್, ಲೌತ್ ಇಬ್ಬರನ್ನೂ ಬಿಟ್ಟೆ, ಮೈಕ್ ಸಾರ್ ಹೇಳಿದ ಹಾಗೆ ಒಂದೇ ಪರಭಾಷೆ.

ನನಗೆ ಒಂದು ಅನುಮಾನ ಉಳಿದಿದೆ. ‘ಯಾರೂ ಏನೂ ಹೇಳಲಿಲ್ಲ’ ಅನ್ನುವಾಗ ನಮ್ಮ ‘ಯಾರೂ’, ‘ಏನೂ’ ಸಹ ನಿಷೇಧವೇ ಅಲ್ವಾ? ಹಾಗಾದರೆ ಕನ್ನಡವೂ ರಷ್ಯನ್ ಥರವೇ ಆಯ್ತಲ್ಲ. ಭಾಷಣದಲ್ಲಿ ಹಾಗೆ ಹೇಳಬಹುದಾ?

---

ಕಾಗುಣಿತ

ಹೇಳಬೇಡಿ. ಒಂದು ಪರೀಕ್ಷೆ ಇದೆ, ಒಂಟಿಯಾಗಿ ನಿಲ್ಲಿಸಿ ನೋಡೋದು. ‘ನಿನ್ನೆ ಮನೆಗೆ ಯಾರು ಬಂದಿದ್ದರು?’ ಅಂತ ರಷ್ಯನ್ನಿನಲ್ಲಿ ಕೇಳಿದರೆ ‘ನಿಕ್ತೊ’ ಅಷ್ಟೇ ಅಂದರೆ ಸಾಕು, ಉತ್ತರ ಪೂರ್ತಿ. ಕನ್ನಡದಲ್ಲಿ ಅದೇ ಪ್ರಶ್ನೆಗೆ ಬರೀ ‘ಯಾರೂ’ ಅಂದು ನಿಲ್ಲಿಸಿ. ಎದುರಿನವರು ಮುಂದಿನ ಪದಕ್ಕೆ ಕಾಯುತ್ತಾರೆ. ‘ಯಾರೂ ಇಲ್ಲ’, ‘ಯಾರೂ ಬರಲಿಲ್ಲ’ ಅನ್ನಲೇಬೇಕು. ಯಾಕೆಂದರೆ ‘ಯಾರೂ’ದೊಳಗೆ ‘ಇಲ್ಲ’ ಇಲ್ಲ. ‘ಯಾರು’ಗೆ ಒಂದು ‘ಊ’ ಸೇರಿದೆ ಅಷ್ಟೇ. ಅದೇ ‘ಊ’ ‘ಯಾವಾಗ’ಕ್ಕೆ ಸೇರಿದರೆ ‘ಯಾವಾಗಲೂ ಬರ್ತಾನೆ’ ಅಂತ ಹೌದಿನ ವಾಕ್ಯದಲ್ಲೇ ಕೂರುತ್ತೆ.

---

ವಿಜಯನಗರದ_ಅತ್ತಿಗೆ

ಇದನ್ನ ನಾನು ಒಪ್ಪಲ್ಲ. ನಮ್ಮ ಮನೇಲಿ ‘ಯಾರಾದರೂ ಫೋನ್ ಮಾಡಿದ್ರಾ’ ಅಂದರೆ ನಮ್ಮ ಮಾವ ‘ಯಾರೂ...’ ಅಂತ ಎಳೆದು ಅಲ್ಲಿಗೇ ಬಿಡ್ತಾರೆ. ಇವತ್ತು ಬೆಳಗ್ಗೆ ಕೂಡ ಹಾಗೇ ಅಂದರು. ನಮಗೆ ಅರ್ಥ ಆಗುತ್ತಲ್ಲ? ಹಾಗಾದರೆ ‘ಯಾರೂ’ ಒಂಟಿಯಾಗಿ ನಿಂತಂಗಾಯ್ತಲ್ಲ?

---

ಮೈಕ್_ಹಿಂದೆ

ಅಮ್ಮಾ, ಒಂದು ಕೇಳ್ತೀನಿ. ಹಾಗನ್ನುವಾಗ ನಿಮ್ಮ ಮಾವ ತಲೆ ಅಲ್ಲಾಡಿಸ್ತಾರಾ, ಕೈ ಮಗುಚ್ತಾರಾ?

---

ವಿಜಯನಗರದ_ಅತ್ತಿಗೆ

ಈಗಷ್ಟೇ ಹೋಗಿ ಮತ್ತೆ ಕೇಳಿ ನೋಡಿದೆ. ಅಂಗೈ ಮೇಲೆ ಮಾಡಿ ತಿರುವಿದರು, ತಲೆಯನ್ನೂ ಅಲ್ಲಾಡಿಸಿದರು.

---

ಮೈಕ್_ಹಿಂದೆ

ಹಾಗಾದರೆ ‘ಇಲ್ಲ’ ಕೈಯಲ್ಲಿತ್ತು. ರೇಡಿಯೊದಲ್ಲಿ ಕೈ ಕಾಣಲ್ಲ. ನನಗೆ ಒಬ್ಬ ವಾರ್ತಾವಾಚಕರು ಕಲಿಸಿದ ಮೊದಲ ಪಾಠವೇ ಇದು: ಕನ್ನಡದಲ್ಲಿ ‘ಇಲ್ಲ’ ವಾಕ್ಯದ ಕಟ್ಟಕಡೆಗೆ ಬರುತ್ತೆ, ಅಲ್ಲಿ ಉಸಿರು ಇಳಿಸಿದರೆ ಸುದ್ದಿಯೇ ತಿರುಗಿಬೀಳುತ್ತೆ. ‘ನಾಳೆ ನೀರು ಬರುವುದಿಲ್ಲ’ ಅನ್ನೋದರ ಬಾಲ ನುಂಗಿಹೋದರೆ ಊರಿನವರು ಬಿಂದಿಗೆ ತುಂಬಿಸಿಕೊಳ್ಳದೆ ಕೂರ್ತಾರೆ. ಈಗ ಯೋಚಿಸಿದರೆ, ಗುರುತು ಎರಡು ಮೂರು ಕಡೆ ಇರೋ ಭಾಷೆಯಲ್ಲಿ ಒಂದು ಕೇಳಿಸದಿದ್ದರೂ ಇನ್ನೊಂದು ಉಳಿಯುತ್ತೆ. ‘ನಿಕ್ತೊ’ ಅಂದ ಕ್ಷಣಕ್ಕೇ ಕೇಳುಗನಿಗೆ ದಿಕ್ಕು ಗೊತ್ತಾಗಿಬಿಡುತ್ತೆ. ಇದನ್ನ ಭಾಷಣದಲ್ಲಿ ಒಂದು ಸಾಲು ಹೇಳಿ ಮೇಡಂ, ರೇಡಿಯೊ ಕೇಳೋರಿಗೆ ತಕ್ಷಣ ತಟ್ಟುತ್ತೆ.

---

ಕಾಗುಣಿತ

ಚೆನ್ನಾಗಿದೆ. ಆದರೆ ‘ಅದಕ್ಕೋಸ್ಕರವೇ ಆ ಭಾಷೆಗಳು ಹಾಗಾದವು’ ಅನ್ನಬೇಡಿ, ‘ಹೀಗೊಂದು ಅನುಕೂಲ ಇದೆ’ ಅನ್ನಿ. ಹೇಗಾದವು ಅನ್ನೋದರ ಕಥೆ ಬೇರೆ ಥರ. ಫ್ರೆಂಚರ ‘ಪಾ’ ಇವತ್ತು ‘ಇಲ್ಲ’, ಆದರೆ ಮೂಲದಲ್ಲಿ ಅದರ ಅರ್ಥ ಹೆಜ್ಜೆ. ‘ನಡೆಯಲ್ಲ’ ಅನ್ನೋ ಬದಲು ‘ಒಂದು ಹೆಜ್ಜೆಯೂ ನಡೆಯಲ್ಲ’ ಅಂತ ಒತ್ತು ಕೊಡೋಕೆ ಬಂದ ಪದ. ಹಾಗೇ ‘ಹನಿ’, ‘ರೊಟ್ಟಿಯ ಚೂರು’ ಅನ್ನೋ ಪದಗಳೂ ಇದ್ದವು. ನಾವು ‘ಒಂದು ಹನೀನೂ ಬಿದ್ದಿಲ್ಲ’, ‘ಒಂದು ಅಗಳೂ ಉಳಿದಿಲ್ಲ’ ಅಂತೀವಲ್ಲ, ಅದೇ. ಬಳಸಿ ಬಳಸಿ ಹೆಜ್ಜೆಯ ಅರ್ಥ ಸವೆದು, ‘ನ’ ಮತ್ತು ‘ಪಾ’ ಎರಡೂ ನಿಷೇಧದ ಗುರುತಾದವು. ಈಗ ಮಾತಿನಲ್ಲಿ ಮೊದಲಿದ್ದ ‘ನ’ ಉದುರಿಹೋಗಿ ‘ಹೆಜ್ಜೆ’ಯೊಂದೇ ‘ಇಲ್ಲ’ ಅನ್ನುತ್ತಿದೆ. ಡೆನ್ಮಾರ್ಕಿನ ಭಾಷಾವಿಜ್ಞಾನಿ ಯೆಸ್ಪರ್ಸನ್ 1917ರಲ್ಲಿ ಈ ಸುತ್ತನ್ನ ಹಲವು ಭಾಷೆಗಳಲ್ಲಿ ತೋರಿಸಿ ಪುಸ್ತಕ ಬರೆದರು. ಹತ್ತು ನಿಮಿಷದಲ್ಲಿ ಇದಕ್ಕೆ ಜಾಗ ಇಲ್ಲ, ನಿಮಗೆ ತಿಳಿದಿರಲಿ ಅಂತ.

---

ಸುಮಾ_ಮಲ್ಲೇಶ್ವರ

ತಿದ್ದಿದ ಕರಡಿನ ನಡುಭಾಗ ಹಾಕ್ತಿದ್ದೀನಿ, ಭಾಷಣದ ಶೀರ್ಷಿಕೆಯಲ್ಲಿ ಈಗ ‘ತರ್ಕ’ ಅನ್ನೋ ಪದ ಸೇರಿಸಿದ್ದೀನಿ. ನಿನ್ನೆ ರಾತ್ರಿ ಅಮ್ಮನಿಗೆ ಓದಿ ತೋರಿಸಿದೆ, ಎಲ್ಲೂ ನಿಲ್ಲಿಸದೆ ಕೇಳಿದರು.

> ‘ಅವಳು ಬಂದಳು.’ ನಾನು ಈಗ ಎಷ್ಟು ಹೆಂಗಸರ ವಿಷಯ ಹೇಳಿದೆ? ಒಬ್ಬಳದು. ಆದರೆ ಹೆಣ್ಣು ಅನ್ನೋ ಸಂಗತಿಯನ್ನ ಎರಡು ಸಲ ಹೇಳಿದೆ. ‘ಅವಳು’ ಅನ್ನುವಾಗ ಒಂದು ಸಲ, ‘ಬಂದಳು’ ಅನ್ನುವಾಗ ಇನ್ನೊಂದು ಸಲ. ನೀವು ಯಾರೂ ಇಬ್ಬರು ಅಂತ ಎಣಿಸಲಿಲ್ಲ.
>
> ರಷ್ಯಾದವರು ಇದೇ ಕೆಲಸವನ್ನ ‘ಇಲ್ಲ’ಕ್ಕೂ ಮಾಡ್ತಾರೆ. ಯಾರೂ ಹೇಳಲಿಲ್ಲ ಅನ್ನೋಕೆ ‘ನಿಕ್ತೊ ನೆ ಸ್ಕಜಾಲ್’ ಅಂತಾರೆ. ‘ನಿಕ್ತೊ’ದಲ್ಲಿ ಒಂದು ‘ಇಲ್ಲ’. ‘ನೆ’ದಲ್ಲಿ ಒಂದು ‘ಇಲ್ಲ’. ಹೇಳೋದು ಒಂದೇ ಕೆಲಸ, ಅದು ನಡೆಯಲಿಲ್ಲ. ‘ನಿಕ್ತೊ ನೆ ಸ್ಕಜಾಲ್.’
>
> ಹಾಗಾದರೆ ಎರಡು ‘ಇಲ್ಲ’ ಸೇರಿ ‘ಇದೆ’ ಆಗೋದೇ ಇಲ್ವಾ? ಆಗುತ್ತೆ. ಮನೆಗೆ ನೆಂಟರು ಬಂದಿದ್ದಾರೆ. ‘ಕಾಫಿ ಕುಡಿಯದೆ ಹೋಗೋ ಹಾಗಿಲ್ಲ’ ಅಂತೀರಿ. ಇಲ್ಲಿ ಕೆಲಸ ಎರಡು. ಕುಡಿಯೋದು ಒಂದು, ಹೋಗೋದು ಒಂದು. ಒಂದೊಂದಕ್ಕೂ ಅದರದೇ ‘ಇಲ್ಲ’. ನೆಂಟರು ಕಾಫಿ ಕುಡಿದೇ ಹೋಗ್ತಾರೆ.
>
> ಈಗ ‘ನಾ ಕಾಣೆ’ ಅನ್ನಿ. ಇದರಲ್ಲಿ ‘ಇಲ್ಲ’ ಎಲ್ಲಿದೆ? ಹುಡುಕಿ.

---

ಗಣಿತದ_ಮೇಷ್ಟ್ರು

ಕಾಫಿ ಉದಾಹರಣೆ ನನ್ನ ಹೆಂಡತಿಗೆ ಓದಿ ಹೇಳಿದೆ, ಒಂದೇ ಸಲಕ್ಕೆ ಅರ್ಥ ಆಯ್ತು ಅಂದಳು. ಒಂದು ಆಕ್ಷೇಪಣೆ ಮಾತ್ರ ಬಿಡಲ್ಲ. ಶೀರ್ಷಿಕೆಯಲ್ಲಿ ‘ತರ್ಕ’ ಅಂತ ಇಟ್ಟಿದ್ದೀರಿ. ಇದು ನಿಯಮ ಮೇಡಂ, ತರ್ಕ ಅಲ್ಲ. ರಸ್ತೆಯ ಎಡಗಡೆ ಗಾಡಿ ಓಡಿಸೋದು ನಿಯಮ, ಬಲಗಡೆ ಓಡಿಸೋ ದೇಶಗಳೂ ಇವೆ. ಯಾವುದೂ ತರ್ಕ ಅಲ್ಲ.

ಇನ್ನೊಂದು. ನಿಮ್ಮ ‘ಎರಡು ಕೆಲಸ’ದ ಸೂತ್ರ ಇಟ್ಟುಕೊಂಡು ಈ ವಾಕ್ಯಕ್ಕೆ ಅರ್ಥ ಹೇಳಿ. ನಾಮಕರಣಕ್ಕೆ ಐದು ಮನೆಯವರನ್ನ ಕರೆದಿದ್ದೆವು. ‘ಯಾರೂ ಬರದೆ ಇರಲಿಲ್ಲ.’ ಎಷ್ಟು ಮನೆಯವರು ಬಂದರು?

---

ಕಾಗುಣಿತ

ಐದೂ. ‘ಬರದೆ ಇರೋದು’ ಅನ್ನೋ ಕೆಲಸ ಯಾವ ಮನೆಯವರೂ ಮಾಡಲಿಲ್ಲ. ‘ಯಾರೂ’ ಕಡೆಯ ‘ಇಲ್ಲ’ಕ್ಕೆ ಸೇರಿತು, ‘ಬರದೆ’ ಒಳಗಿನ ನಿಷೇಧ. ಐದಕ್ಕೆ ಐದೂ ಬಂದಿದ್ದರೆ ಮಾತ್ರ ವಾಕ್ಯ ನಿಜ.

ತರ್ಕದ ಮಾತಿಗೆ: ಗುರುತು ಎಲ್ಲಿ, ಎಷ್ಟು ಅನ್ನೋದು ನಿಯಮ, ಅದು ಊರಿಗೊಂದು. ಗುರುತುಗಳನ್ನೆಲ್ಲ ಓದಿಕೊಂಡಮೇಲೆ ಸಿಗೋ ನಿಷೇಧ ತರ್ಕದ್ದು, ಅದು ಎಲ್ಲಾ ಊರಿಗೂ ಒಂದೇ. ಒಳಗೊಂದು ಹೊರಗೊಂದು ಇದ್ದರೆ ಕನ್ನಡದಲ್ಲೂ ಕಳೆಯುತ್ತೆ, ರಷ್ಯನ್ನಿನಲ್ಲೂ ಕಳೆಯುತ್ತೆ. ನನಗೆ ಶೀರ್ಷಿಕೆ ಸರಿ ಅನ್ನಿಸುತ್ತೆ.

---

ಹಳೇ_ಧಾರವಾಡ

ಐದೂ ಅಂತ ಹೆಂಗ ಹೇಳ್ತೀರಿ? ‘ಯಾರೂ ಬರದೆ ಏನಿರಲಿಲ್ಲ, ಮೂರು ಮನಿಯವರು ಬಂದಿದ್ರು’ ಅಂತ ನಾವು ದಿನಾ ಅಂತೀವಿ. ಅಲ್ಲಿ ‘ಯಾರೂ ಬರದೆ’ ಒಂದು ಗಂಟು, ಆಮ್ಯಾಲೆ ಅದಕ್ಕ ‘ಇಲ್ಲ’. ಮೂರು ಮನಿ ಬಂದ್ರೂ ಮಾತು ಖರೇನ.

---

ಕಾಗುಣಿತ

‘ಏನಿರಲಿಲ್ಲ’ ಅಂದಾಗ ನೀವು ಹೇಳೋದು ಸರಿ. ಆ ‘ಏನು’ ಬಂದು ಇಡೀ ‘ಯಾರೂ ಬರದೆ’ಯನ್ನ ಒಳಗೆ ಹಾಕಿಕೊಂಡಿತು. ಮೇಷ್ಟ್ರ ವಾಕ್ಯದಲ್ಲಿ ‘ಏನು’ ಇಲ್ಲ, ಅಲ್ಲಿ ನನಗೆ ಐದು ಮಾತ್ರ ಕೇಳಿಸುತ್ತೆ. ‘ಬರದೆ’ ಆದಮೇಲೆ ತಡೆದು ಹೇಳಿದರೆ ಮೂರು ಅಂತಲೂ ಕೇಳಬಹುದೇನೋ. ನನ್ನ ಕಿವಿ ಒಪ್ಪುತ್ತಿಲ್ಲ, ಆದರೆ ನನ್ನದು ಮೈಸೂರಿನ ಕಿವಿ.

---

ವಿಜಯನಗರದ_ಅತ್ತಿಗೆ

ನಾನು ಐದು ಅಂದೆ. ನಮ್ಮ ಮಾವ ‘ಒಬ್ಬರಾದರೂ ಬಂದಿದ್ದಾರೆ, ಎಷ್ಟು ಅಂತ ಗೊತ್ತಾಗಲ್ಲ’ ಅಂದರು. ಅವರು ತುಮಕೂರಿನವರು.

---

ಮೈಕ್_ಹಿಂದೆ

ಹಾಗಾದರೆ ಆ ವಾಕ್ಯ ಗಾಳಿಗೆ ಬಿಡಬೇಡಿ. ಓದೋರು ಎಲ್ಲಿ ಉಸಿರು ತಗೋತಾರೆ ಅನ್ನೋದರ ಮೇಲೆ ಅರ್ಥ ನಿಂತಿದ್ದರೆ, ಮಿಕ್ಸಿ ಸದ್ದಿನ ನಡುವೆ ಕೇಳೋರಿಗೆ ಅದು ಸಿಗಲ್ಲ. ಕಾಫಿ ಸಾಕು. ‘ಹುಡುಕಿ’ ಅಂದಮೇಲೆ ಮೂರು ಸೆಕೆಂಡು ಮೌನ ಬಿಡಿ ಮೇಡಂ, ರೆಕಾರ್ಡಿಂಗಿನವರು ಕತ್ತರಿಸೋಕೆ ಬಂದರೆ ಬೇಡ ಅನ್ನಿ.

---

ಸುಮಾ_ಮಲ್ಲೇಶ್ವರ

ನಾಮಕರಣದ ವಾಕ್ಯ ಹಾಕಲ್ಲ. ಶೀರ್ಷಿಕೆ ‘ತರ್ಕ’ ಅಂತಲೇ ಇರಲಿ ಮೇಷ್ಟ್ರೇ, ಆದರೆ ನಿಮ್ಮ ಎಡಗಡೆ ಬಲಗಡೆ ಮಾತನ್ನ ‘ನಿಕ್ತೊ’ ಆದಮೇಲೆ ಒಂದು ಸಾಲು ಸೇರಿಸಿದ್ದೀನಿ. ಗಡಿಯಾರ ಇಟ್ಟು ಓದಿದೆ, 9 ನಿಮಿಷ 40 ಸೆಕೆಂಡು ಬಂತು. ಮೂರು ಸೆಕೆಂಡಿನ ಮೌನ ಹಿಡಿಸುತ್ತೆ.